ಏಳರವರೆಗೆ ಎಣಿಸುವವನು

ಅವನನ್ನು ಅಂಗಡಿಯಲ್ಲಿ ಎಲ್ಲರೂ ಡ್ರಾಯರಣ್ಣ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಯಾವ ಗಿರಾಕಿ ಬಂದು "ಜಾಸ್ತಿಯಾಯ್ತು" ಅಂದರೂ ಈ ಮನುಷ್ಯ ಮಾತಿಗೆ ಮಾತು ಬೆಳೆಸುವುದಿಲ್ಲ, ಕಪಾಟಿನ ಡ್ರಾಯರನ್ನು ಸರ್ರನೆ ಪೂರ್ತಿ ಹೊರಗೆಳೆದು ಗಿರಾಕಿಯ ಕೈಗೇ ಕೊಟ್ಟುಬಿಡುತ್ತಾನೆ. ಕೈಯಲ್ಲಿ ಹಿಡಿದ ವಸ್ತುವನ್ನು ಯಾರೂ ಸುಲಭವಾಗಿ ಕೆಳಗಿಡುವುದಿಲ್ಲ ಅನ್ನುವುದು ಇಪ್ಪತ್ತಾರು ವರ್ಷ ಅದೇ ಅಂಗಡಿಯ ನೆಲ ಸವೆಸಿ ಅವನು ಕಲಿತ ವಿದ್ಯೆ.

ವಿದ್ಯೆ ಅಂತ ಸುಮ್ಮನೆ ಹೇಳುತ್ತಿಲ್ಲ ಸ್ವಾಮಿ. ಆ ಸೋಮವಾರ ಬಂದ ಗಂಡಹೆಂಡಿರ ಕಥೆಯನ್ನೇ ಕೇಳಿ. ಬಟ್ಟೆ ಇಡುವ ಐದು ಡ್ರಾಯರಿನ ಕಪಾಟಿನ ಮುಂದೆ ಹೆಂಡತಿ ಕಾಲು ಗಂಟೆಯಿಂದ ನಿಂತಿದ್ದಳು. ಬೆಲೆಚೀಟಿ ನೋಡಿದ ಗಂಡನ ಮುಖ ಹುಳಿ ಕಚ್ಚಿದ ಹಾಗಾಯಿತು.

"ನಲವತ್ತೆರಡು ಸಾವಿರಾನಾ? ತುಂಬಾ ಜಾಸ್ತಿಯಾಯ್ತು ಕಣ್ರೀ. ಏನು ಬಿಡ್ತೀರಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ "ನಿಮಗೋಸ್ಕರ ಎರಡು ಸಾವಿರ ಕಮ್ಮಿ" ಅಂತ ಬಾಯಿಬಿಡುತ್ತಿದ್ದರು. ಡ್ರಾಯರಣ್ಣ ತಲೆದೂಗಿದ. "ಹೌದು ಸಾರ್, ಸಣ್ಣ ದುಡ್ಡಲ್ಲ ಅದು. ಯೋಚನೆ ಮಾಡಲೇಬೇಕು. ಯಾವುದಕ್ಕೆ ಹೋಲಿಸಿದ್ರೆ ಜಾಸ್ತಿ ಅನ್ನಿಸ್ತು, ಹೇಳಿ?"

"ಆಚೆ ರಸ್ತೆ ಅಂಗಡೀಲಿ ಇಂಥದೇ ಇಪ್ಪತ್ತೊಂಬತ್ತಕ್ಕಿದೆ."

"ಇರುತ್ತೆ ಸಾರ್, ಯಾಕಿರಲ್ಲ. ಅಲ್ಲಿ ಡ್ರಾಯರ್ ಹೊರಗೆ ತೆಗೆದು ನೋಡಿದ್ರಾ?" ಅಂದವನೇ ಕೆಳಗಿನ ಡ್ರಾಯರನ್ನು ಎಳೆದು ಆಯಮ್ಮನ ಕೈಗೆ ಕೊಟ್ಟ. "ತಿರುಗಿಸಿ ನೋಡಿ ಅಮ್ಮ. ಮೂಲೇಲಿ ಮರದ ಹಲ್ಲಿಗೆ ಹಲ್ಲು ಕೂತಿದೆ, ಮೊಳೆಯಿಲ್ಲ. ತಳದ ಹಲಗೆ ಸುತ್ತ ಕೊರೆದ ಸೀಳಿನೊಳಗೆ ಕೂತಿದೆ, ಬರೀ ಅಂಟು ಹಚ್ಚಿ ಅಂಟಿಸಿದ್ದಲ್ಲ. ಆಚೆ ಅಂಗಡಿಯದೂ ಹೀಗೇ ಇದ್ರೆ ಅದನ್ನೇ ತಗೊಳ್ಳಿ, ನಾನೇ ಹೇಳ್ತೀನಿ. ಪುಡಿ ಒತ್ತಿ ಮಾಡಿದ ಹಲಗೆಯಾದ್ರೆ ಮಾತ್ರ, ನೀರು ಬಿದ್ರೆ ಉಬ್ಬುತ್ತೆ. ನಿಮ್ಮನೇಲಿ ಇದನ್ನ ಎಷ್ಟು ವರ್ಷ ಇಟ್ಕೋಬೇಕು ಅಂತಿದ್ದೀರಾ?"

"ಇನ್ನೇನು, ಮಕ್ಕಳು ದೊಡ್ಡೋರಾಗೋ ತನಕ" ಅಂದಳು ಆಯಮ್ಮ. ಡ್ರಾಯರು ಇನ್ನೂ ಅವಳ ಕೈಯಲ್ಲೇ ಇತ್ತು.

"ಹಾಗಾದ್ರೆ ಇದು ನಲವತ್ತೆರಡು ಸಾವಿರ" ಅಂದ ಡ್ರಾಯರಣ್ಣ. ಆಮೇಲೆ ಬಾಯಿ ಮುಚ್ಚಿಕೊಂಡ.

ಬಾಯಿ ಮುಚ್ಚಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಬೆಲೆ ಹೇಳಿದ ಮೇಲೆ ಮನಸ್ಸಿನಲ್ಲಿ ಒಂದು, ಎರಡು, ಮೂರು ಅಂತ ಏಳರವರೆಗೆ ಎಣಿಸಬೇಕು. ಆ ಏಳರೊಳಗೆ ನಾಲಿಗೆ ತುರಿಸುತ್ತದೆ, ಏನಾದರೂ ಬಿಟ್ಟುಕೊಡೋಣ ಅನ್ನಿಸುತ್ತದೆ. ಬಾಯಿಬಿಟ್ಟರೆ ಬಣ್ಣಗೇಡು. ಕೇಳುವ ಮೊದಲೇ ಇಳಿಸಿದರೆ ಆಗಲೇ ಹೇಳಿದ ಬೆಲೆ ಸುಳ್ಳು ಅಂತ ನೀನೇ ಒಪ್ಪಿಕೊಂಡ ಹಾಗೆ, ಅಂತ ಅವನು ಹೊಸಬರಿಗೆ ಸಾವಿರ ಸಲ ಹೇಳಿದ್ದ. ಎರಡು ಸಾವಿರ ಇಳಿಸಿದರೆ ಗಿರಾಕಿ ಖುಷಿಪಡುವುದಿಲ್ಲ, ಇನ್ನೂ ನಾಲ್ಕು ಸಾವಿರ ಎಲ್ಲಿ ಬಚ್ಚಿಟ್ಟಿದ್ದಾನೋ ಅಂತ ಹುಡುಕಲು ಶುರುಮಾಡುತ್ತಾನೆ.

ಐದಕ್ಕೆ ಬರುವಷ್ಟರಲ್ಲಿ ಆಯಮ್ಮನೇ ಮಾತಾಡಿದಳು. "ಇಷ್ಟ ಆಗಿದೆ. ಆದ್ರೆ ನಿಜವಾಗ್ಲೂ ಮೂವತ್ತಾರರ ಮೇಲೆ ನಮ್ಮ ಕೈಲಾಗಲ್ಲ."

ಇದು ಬೇರೆ ಮಾತು. ಜಾಸ್ತಿ ಅನ್ನುವುದು ಒಂದು, ಕೈಲಿಲ್ಲ ಅನ್ನುವುದು ಇನ್ನೊಂದು. ಕೈಲಿಲ್ಲ ಅಂದವರ ಹತ್ತಿರ ಮರದ ಪುರಾಣ ಬಿಚ್ಚಬಾರದು. ಬೆಲೆ ಬದಲಿಸಬಾರದು, ವಸ್ತು ಬದಲಿಸಬೇಕು. ಡ್ರಾಯರಣ್ಣ ಪಕ್ಕದ ಸಾಲಿಗೆ ಕರೆದುಕೊಂಡು ಹೋಗಿ ಅದೇ ಮರದ, ಅದೇ ಜೋಡಣೆಯ ನಾಲ್ಕು ಡ್ರಾಯರಿನದನ್ನು ತೋರಿಸಿದ. ಮೂವತ್ತೈದೂವರೆ. ಗಂಡ ಬಿಡುವನೇ? "ಇದರಲ್ಲಾದ್ರೂ ಏನಾದ್ರೂ ಬಿಡಿ" ಅಂದ. "ಇವತ್ತೇ ಪೂರ್ತಿ ಕಟ್ಟೋದಾದ್ರೆ ಸಾಗಾಟದ ಖರ್ಚು ಅಂಗಡಿಯದು ಸಾರ್" ಅಂದ ಇವನು. ಏನನ್ನಾದರೂ ಕೊಡುವುದಾದರೆ ಏನನ್ನಾದರೂ ತೆಗೆದುಕೊಂಡೇ ಕೊಡಬೇಕು, ಅದೂ ಕೊನೆಯಲ್ಲಿ. ಹತ್ತು ನಿಮಿಷದಲ್ಲಿ ಬಿಲ್ಲಾಯಿತು, ಇಬ್ಬರೂ ನಗುನಗುತ್ತಾ ಹೋದರು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ಈಗ ನಿಮಗೆ ಇನ್ನೊಂದು ವಿಷಯ ಹೇಳಬೇಕು. ಈ ವಿದ್ಯೆಯೆಲ್ಲ ಎಂಟು ತಿಂಗಳಿಂದ ಒಂದು ಹಾಳೆಯ ಮೇಲಿತ್ತು. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಅಂಗಡಿಗೆ ಕೂತ ಮಗ, ಚಿಕ್ಕ ಯಜಮಾನ, ಒಂದು ವಾರ ಇವನ ಹಿಂದೆ ಹಿಂದೆಯೇ ಮೊಬೈಲು ಹಿಡಿದು ಓಡಾಡಿ ಇವನಾಡಿದ ಮಾತನ್ನೆಲ್ಲ ರೆಕಾರ್ಡು ಮಾಡಿದ್ದ. ಆಮೇಲೆ ಅದನ್ನು ಟೈಪು ಮಾಡಿಸಿ, ಒಂದರಿಂದ ಏಳು ಅಂಶ ಹಾಕಿಸಿ, ಪ್ಲಾಸ್ಟಿಕ್ಕು ಹೊದಿಸಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ. ಗಿರಾಕಿ ಬೆಲೆ ಜಾಸ್ತಿ ಅಂದಾಗ ಹೇಳಬೇಕಾದ ಮಾತು ಅಂತ ಮೇಲೆ ದಪ್ಪಕ್ಷರದ ತಲೆಬರಹ. ಡ್ರಾಯರಣ್ಣನಿಗೆ ಅವತ್ತು ಎಷ್ಟು ಹಿಗ್ಗು ಅಂತೀರಿ! ಒಂದು ಪ್ರತಿ ಮನೆಗೆ ತಂದು ಹೆಂಡತಿಗೆ ಓದಿ ಹೇಳಿದ. ಅವಳು ಕೇಳಿದ್ದು ಒಂದೇ ಮಾತು: "ನಿಮ್ಮ ಬಾಯಲ್ಲಿರೋದನ್ನೆಲ್ಲ ಬರಕೊಂಡ ಮೇಲೆ ನಿಮ್ಮ ಬಾಯಿ ಯಾಕೆ ಬೇಕು ಅವರಿಗೆ?"

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ" ಅಂತ ರೇಗಿದ್ದ. ಹೆಂಗಸು ಹೇಳಿದ್ದು ಸುಳ್ಳಾಗಲಿಲ್ಲ. ಎರಡು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಆ ಹಾಳೆಯನ್ನು ಪಾಠದಂತೆ ಬಾಯಿಪಾಠ ಮಾಡಿ, ಇವನ ಅರ್ಧ ಸಂಬಳಕ್ಕೆ, ಇವನಷ್ಟಲ್ಲದಿದ್ದರೂ ಇವನ ಮುಕ್ಕಾಲು ವ್ಯಾಪಾರ ಮಾಡುತ್ತಿದ್ದಳು.

ಆ ಸೋಮವಾರ ಸಂಜೆ ಚಿಕ್ಕ ಯಜಮಾನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಅಣ್ಣ, ನಾಳೆ ಅಂಗಡಿ ತೆಗೆಯೋಕೆ ಮುಂಚೆ ಸ್ವಲ್ಪ ನನ್ನ ರೂಮಿಗೆ ಬನ್ನಿ. ನಿಮ್ಮ ಸಂಬಳದ ವಿಚಾರ ಮಾತಾಡ್ಬೇಕು."

ಅವತ್ತು ಡ್ರಾಯರಣ್ಣ ಮನೆಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಬೇಕೆನಿಸದೆ ಕಂಬಿ ಹಿಡಿದು ನಿಂತೇ ಹೋದ.

ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು, ಅದರ ಮೇಲೆ ಹೂವಿನ ಬಟ್ಟೆ ಹೊದಿಸಿತ್ತು. ಹೆಂಡತಿ ಇಪ್ಪತ್ತು ವರ್ಷ ಅದರ ಮುಂದೆ ಕೂತು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದಿದ್ದಳು. ಹೋದ ವರ್ಷ ಅವಳ ಎರಡೂ ಕಣ್ಣಿಗೆ ಆಪರೇಷನ್ನು ಆಯಿತು. ಒಂದು ಕಣ್ಣು ಸರಿಹೋಯಿತು, ಇನ್ನೊಂದು ಮಂಜಾಗಿಯೇ ಉಳಿಯಿತು. ಸೂಜಿ ಕೆಲಸ ಬಿಟ್ಟುಬಿಡಿ, ಇರುವ ಒಂದನ್ನಾದರೂ ಉಳಿಸಿಕೊಳ್ಳಿ ಅಂದಿದ್ದರು ಡಾಕ್ಟರು. ಅವತ್ತು ಆಸ್ಪತ್ರೆಯಿಂದ ಬಂದವನೇ ಡ್ರಾಯರಣ್ಣ ತನ್ನ ಕೈಯಾರೆ ಮಿಷನ್ನಿಗೆ ಬಟ್ಟೆ ಹೊದಿಸಿದ್ದ. "ಇನ್ನು ಇದರ ತಂಟೆಗೆ ಹೋಗ್ಬೇಡ. ನನ್ನ ಇಪ್ಪತ್ತೆಂಟು ಸಾವಿರದಲ್ಲಿ ಇಬ್ಬರ ಹೊಟ್ಟೆ ತುಂಬುತ್ತೆ" ಅಂದಿದ್ದ. ತುಂಬುತ್ತಿತ್ತು, ನಿಜ. ಬಾಡಿಗೆ, ಅವಳ ಕಣ್ಣಿನ ಔಷಧಿ, ರೇಷನ್ನು ಕಳೆದರೆ ಮಿಕ್ಕುತ್ತಿದ್ದುದು ಬಸ್ಸಿನ ಚಾರ್ಜು.

ವಿಷಯ ಕೇಳಿ ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕುರ್ಚಿ ಎಳೆದು ಅವನ ಎದುರು ಕೂತಳು. "ಬನ್ನಿ, ನಾನೇ ಚಿಕ್ಕ ಯಜಮಾನ ಅಂದ್ಕೊಳ್ಳಿ. ಅಭ್ಯಾಸ ಮಾಡೋಣ."

"ಲೇ, ನಾಟಕದ ಕಂಪನಿ ಏನೇ ಇದು?"

"ಊರಿಗೆಲ್ಲ ಹೇಳಿಕೊಡ್ತೀರಲ್ಲ, ನಿಮಗೆ ನೀವು ಹೇಳಿಕೊಳ್ಳಿ." ಗಂಟಲು ಸರಿಮಾಡಿಕೊಂಡು ಗಂಡುದನಿ ತೆಗೆದಳು. "ಏನ್ರೀ, ನಿಮ್ಮ ಸಂಬಳ ತುಂಬಾ ಜಾಸ್ತಿಯಾಯ್ತು."

ಅವನಿಗೆ ನಗು ಬಂತು. ನಗುತ್ತಲೇ ಶುರು ಮಾಡಿದ. "ಹೌದು ಯಜಮಾನ್ರೇ, ಸಣ್ಣ ಮೊತ್ತ ಅಲ್ಲ. ಯಾವುದಕ್ಕೆ ಹೋಲಿಸಿದ್ರೆ ಜಾಸ್ತಿ ಅನ್ನಿಸ್ತಿದೆ?"

"ಆ ಹುಡುಗಿ ಅರ್ಧಕ್ಕೆ ಮಾಡ್ತಾಳೆ."

"ಚೆನ್ನಾಗಿ ಮಾಡ್ತಾಳೆ, ನಾನೇ ಕಲಿಸಿದ್ದು. ಆದ್ರೆ ಅವಳ ಬಿಲ್ಲು ತೆಗೆಸಿ ನೋಡಿ. ರಿಯಾಯಿತಿ ಕೊಡದೇ ಮಾರಿದ್ದು ಎಷ್ಟು, ನನ್ನದೆಷ್ಟು? ಮಾರಿದ ಸಾಮಾನು ವಾಪಸು ಬಂದಿದ್ದು ಅವಳದೆಷ್ಟು, ನನ್ನದೆಷ್ಟು?"

"ಅಬ್ಬಾ!" ಅಂದಳು ಹೆಂಡತಿ, ತನ್ನ ದನಿಯಲ್ಲೇ. "ಆಮೇಲೆ?"

"ಆಮೇಲೆ, ಇಪ್ಪತ್ತೆಂಟು ಸಾವಿರ ಅಂತ ಹೇಳಿ ಸುಮ್ಮನಾಗ್ತೀನಿ."

"ಎಷ್ಟರವರೆಗೆ?"

"ಏಳರವರೆಗೆ."

"ಹಟ ಮಾಡಿದ್ರೆ?"

"ಸಂಬಳ ಇಳಿಸಲ್ಲ, ಕೆಲಸ ಬದಲಾಯಿಸ್ತೀನಿ. ಹೊಸಬರಿಗೆ ಕಲಿಸ್ತೀನಿ, ನಿಮ್ಮ ಇನ್ನೆರಡು ಅಂಗಡಿಗೂ ಹೋಗಿ ಬರ್ತೀನಿ ಅಂತೀನಿ. ತೀರಾ ಕೊನೆಗೆ ಒಂದೆರಡು ಸಾವಿರ ಬಿಟ್ರೂ ವಾರದ ರಜ ಗಟ್ಟಿ ಮಾಡ್ಕೊಂಡೇ ಬಿಡ್ತೀನಿ."

ಮೂರು ಸಲ ಅಭ್ಯಾಸ ಮಾಡಿದರು. ಮೂರನೇ ಸಲ ಅವಳು "ಆಯ್ತಪ್ಪ, ಇಪ್ಪತ್ತೊಂಬತ್ತೇ ತಗೊಳ್ಳಿ" ಅಂದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಅಂಗಡಿಯ ಅರ್ಧ ದೀಪ ಮಾತ್ರ ಹೊತ್ತಿತ್ತು. ಸಾಲುಸಾಲು ಸೋಫಾಗಳ ಮೇಲೆ ಧೂಳಿಗೆ ಹೊದಿಸಿದ ಬಟ್ಟೆ ಇನ್ನೂ ತೆಗೆದಿರಲಿಲ್ಲ. ಗಾಜಿನ ರೂಮಿನಲ್ಲಿ ಚಿಕ್ಕ ಯಜಮಾನ ಕೂತಿದ್ದ. ಮೇಜಿನ ಮೇಲೆ ಒಂದು ಕಾಗದ ಬೋರಲಾಗಿತ್ತು, ಅದರ ಮೇಲೆ ಪೆನ್ನು. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಅದೇ ಪ್ಲಾಸ್ಟಿಕ್ಕಿನ ಹಾಳೆ.

"ಕೂತ್ಕೊಳ್ಳಿ ಅಣ್ಣ." ಹುಡುಗನಾಗಿದ್ದಾಗ ಇದೇ ಅಂಗಡಿಯ ಮಂಚಗಳ ಮೇಲೆ ಕುಣಿದು ಡ್ರಾಯರಣ್ಣನ ಹತ್ತಿರ ಬೈಸಿಕೊಂಡವನು. ಈಗಲೂ ಮುಖ ನೋಡಿ ಮಾತಾಡಲು ಅವನಿಗೆ ಮುಜುಗರವೇ. "ವ್ಯಾಪಾರ ನಿಮಗೇ ಗೊತ್ತಲ್ಲ. ಎಲ್ಲರೂ ಮೊಬೈಲಲ್ಲೇ ತರಿಸ್ಕೊಳ್ತಿದ್ದಾರೆ. ಈಗಿನ ಪರಿಸ್ಥಿತೀಲಿ ನಿಮ್ಮ ಸಂಬಳ ಅಂಗಡಿಗೆ ಸ್ವಲ್ಪ ಜಾಸ್ತಿ ಆಗ್ತಿದೆ ಅಣ್ಣ."

ಅಷ್ಟು ಹೇಳಿ ಸುಮ್ಮನಾದ.

ಬೇಕೆಂದೇ ಸುಮ್ಮನಾದನೋ, ಮುಂದೇನು ಹೇಳಬೇಕು ಅಂತ ತಿಳಿಯದೆ ಸುಮ್ಮನಾದನೋ, ದೇವರಿಗೇ ಗೊತ್ತು. ಡ್ರಾಯರಣ್ಣನಿಗೆ ಕಂಡದ್ದು ಆ ಮೌನ ಮಾತ್ರ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಯಾವುದಕ್ಕೆ ಹೋಲಿಸಿದ್ರೆ? ಅಷ್ಟೇ. ಗೋಡೆಯ ಮೇಲೆ ಎರಡನೇ ಅಂಶವಾಗಿ ಅಚ್ಚಾಗಿತ್ತು, ಓದಿದ್ದರೂ ಸಾಕಾಗಿತ್ತು. ಆದರೆ ಕಪಾಟಿಗಾಗಿ ಎಣಿಸುವುದು ಬೇರೆ, ತನಗಾಗಿ ಎಣಿಸುವುದು ಬೇರೆ. ಕಪಾಟು ಬಿಕರಿಯಾಗದಿದ್ದರೆ ನಾಳೆಯೂ ಅಲ್ಲೇ ನಿಂತಿರುತ್ತದೆ, ಅದಕ್ಕೇನು ಹೊಟ್ಟೆಯೇ, ಬಟ್ಟೆಯೇ? ಐವತ್ತೇಳರ ಗಂಡಸು ಬಿಕರಿಯಾಗದಿದ್ದರೆ ಎಲ್ಲಿ ಹೋಗಿ ನಿಲ್ಲಬೇಕು? ಬೋರಲು ಬಿದ್ದ ಆ ಕಾಗದ ಕೆಲಸದಿಂದ ತೆಗೆದ ಕಾಗದವೇ ಅಂತ ಅವನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಹೆಂಡತಿಯ ಮಂಜಾದ ಕಣ್ಣು ನೆನಪಾಯಿತು.

ಒಂದು. ಎರಡು.

"ಅರ್ಧ ಕೊಟ್ಟರೂ ಸಾಕು ಯಜಮಾನ್ರೇ" ಅಂದುಬಿಟ್ಟ. "ಹದಿನಾಲ್ಕಕ್ಕೇ ಮಾಡ್ತೀನಿ. ತೆಗೀಬೇಡಿ."

ಅಯ್ಯೋ ಪುಣ್ಯಾತ್ಮ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಚಿಕ್ಕ ಯಜಮಾನ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಗಾಬರಿ. ಆಮೇಲೆ ಹುಬ್ಬು ಮೆಲ್ಲಗೆ ಗಂಟಾಯಿತು. ಆ ಮುಖವನ್ನು ಡ್ರಾಯರಣ್ಣ ಇಪ್ಪತ್ತಾರು ವರ್ಷದಿಂದ ಬಲ್ಲ. ಕೇಳಿದ ತಕ್ಷಣ ಬೆಲೆ ಇಳಿಸಿದ ಅಂಗಡಿಯವನನ್ನು ಗಿರಾಕಿ ನೋಡುವ ಮುಖ ಅದು.

"ಹದಿನಾಲ್ಕಕ್ಕಾ?" ಅಂದ. ಆಮೇಲೆ ಯಾರಿಗೋ ಹೇಳುವ ಹಾಗೆ, "ಹದಿನಾಲ್ಕಕ್ಕೂ ಆಗುತ್ತೆ ಅಂದ್ರೆ, ಇಷ್ಟು ವರ್ಷ ಅಪ್ಪ..." ಅಂತ ಅರ್ಧಕ್ಕೆ ನಿಲ್ಲಿಸಿದ.

ಡ್ರಾಯರಣ್ಣ ತಲೆ ತಗ್ಗಿಸಿದ. ಮುಂದೆ ಏನು ಬರುತ್ತದೆ ಅಂತಲೂ ಅವನಿಗೆ ಗೊತ್ತಿತ್ತು. ಬಿಟ್ಟುಕೊಟ್ಟವನ ಹತ್ತಿರ ಇನ್ನಷ್ಟು ಕೇಳದೆ ಹೋದ ಗಿರಾಕಿಯನ್ನು ಅವನು ಕಂಡಿಲ್ಲ.

"ಭಾನುವಾರವೂ ಬರೋಕಾಗುತ್ತಾ ಅಣ್ಣ? ಅವತ್ತೇ ಜನ ಜಾಸ್ತಿ."

"ಬರ್ತೀನಿ ಯಜಮಾನ್ರೇ."

"ಬೇರೆ ಎರಡು ಅಂಗಡಿ ಹುಡುಗರಿಗೂ ನೀವೇ ಹೇಳಿಕೊಡಬೇಕು."

"ಹೇಳಿಕೊಡ್ತೀನಿ."

ಚಿಕ್ಕ ಯಜಮಾನ ಪೆನ್ನು ತೆಗೆದು ಕಾಗದವನ್ನು ಮಗುಚಿದ. ತೆಗೆದುಹಾಕುವ ಕಾಗದವಲ್ಲ ಅದು. ಮೂರೂ ಅಂಗಡಿಗಳ ಮಾರಾಟಗಾರರಿಗೆ ತರಬೇತಿ ಕೊಡುವ ಹಿರಿಯ ಅಂತ ಹೊಸ ಹುದ್ದೆ, ಭಾನುವಾರ ರಜ, ತಿಂಗಳಿಗೆ ಇಪ್ಪತ್ತಾರು ಸಾವಿರ. ಎಲ್ಲ ಚೆಂದವಾಗಿ ಅಚ್ಚಾಗಿತ್ತು. ಎರಡು ಸಾವಿರ ಕಡಿತಕ್ಕೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾನೋ ಅಂತ ಆ ಹುಡುಗ ಮುಜುಗರಪಟ್ಟುಕೊಂಡಿದ್ದ, ಅಷ್ಟೇ! ಇಪ್ಪತ್ತಾರರ ಮೇಲೆ ಪೆನ್ನಿನ ಗೆರೆ ಹೊಡೆದು ಪಕ್ಕದಲ್ಲಿ ಹದಿನಾಲ್ಕು ಬರೆದ. ಭಾನುವಾರದ ಮೇಲೂ ಒಂದು ಗೆರೆ.

"ತಿದ್ದಿದ್ದರ ಪಕ್ಕ ಒಂದು ಸಹಿ ಹಾಕಿ ಅಣ್ಣ" ಅಂದ. ಮುಖ ನೋಡದೆಯೇ ಅಂದ.

ಡ್ರಾಯರಣ್ಣ ಗೆರೆಯ ಕೆಳಗಿನ ಅಂಕಿಯನ್ನು ಓದಿದ. ಇನ್ನೊಂದು ಸಲ ಓದಿದ. ಕೇಳಬಹುದಿತ್ತು, ಅಚ್ಚಾಗಿರುವುದನ್ನೇ ಕೊಡಿ ಅಂತ ಬಾಯಿಬಿಟ್ಟು ಬೇಡಬಹುದಿತ್ತು. ಆದರೆ ಒಮ್ಮೆ ಇಳಿಸಿದ ಬೆಲೆಯನ್ನು ಮತ್ತೆ ಏರಿಸಿ ಮಾರಿದವರನ್ನು ಅವನು ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ನೋಡಿರಲಿಲ್ಲ. ಎರಡು ಕಡೆ ಸಹಿ ಹಾಕಿ ಎದ್ದ.

ಅವತ್ತು ಹೊಸ ಹುಡುಗಿಯ ಗಿರಾಕಿಯೊಬ್ಬ ಮಂಚದ ಬೆಲೆಗೆ ಜಗ್ಗಾಡುತ್ತಿದ್ದ. ಅವಳು ಅಂಜಿಕೊಂಡು ಇವನ ಕಡೆ ನೋಡಿದಳು. ತುಟಿ ಬಿಗಿಹಿಡಿ ಅಂತ ಇವನು ಸನ್ನೆ ಮಾಡಿದ. ಅವಳು ಬಾಯಿ ಮುಚ್ಚಿಕೊಂಡು ನಿಂತಳು, ನಿಂತಳು, ಕೊನೆಗೆ ಗಿರಾಕಿಯೇ "ಸರಿ, ಹಾಕಿ ಬಿಲ್ಲು" ಅಂದ. ಅವಳು ಓಡಿ ಬಂದು "ನಿಮ್ಮ ಮಾತು ಯಾವತ್ತೂ ಸುಳ್ಳಾಗಲ್ಲ ಅಣ್ಣ" ಅಂದಾಗ ಡ್ರಾಯರಣ್ಣ ಕೆಮ್ಮು ಬಂದವನಂತೆ ಮಾಡಿ ಗೋದಾಮಿನ ಕಡೆ ಹೋದ. ಅಲ್ಲಿ ಮಡಚಿಟ್ಟ ರಟ್ಟುಗಳ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು, ಮುಖ ತೊಳೆದುಕೊಂಡು ವಾಪಸು ಬಂದ.

ಸಂಜೆ ಬಾಗಿಲು ತೆಗೆದ ಹೆಂಡತಿ ಮುಖ ನೋಡಿಯೇ ಏನೋ ಆಗಿದೆ ಅಂತ ಕಂಡುಕೊಂಡಳು. ಆದರೂ ನೀರಿನ ಲೋಟ ಕೈಗೆ ಕೊಟ್ಟು, ನಿನ್ನೆಯ ತಮಾಷೆಯ ದನಿಯಲ್ಲೇ ಕೇಳಿದಳು.

"ಎಷ್ಟರವರೆಗೆ ಎಣಿಸಿದ್ರಿ ರೀ?"

ಸುಳ್ಳು ಹೇಳೋಣ ಅಂದುಕೊಂಡೇ ಬಂದಿದ್ದ. ಅಂಗಡಿಯೇ ನಷ್ಟದಲ್ಲಿದೆ, ಎಲ್ಲರದ್ದೂ ಅರ್ಧ ಮಾಡಿದರು, ನಾನೇನು ಮಾಡಲಿ ಅಂತ. ಬಸ್ಸಿನಲ್ಲಿ ಅದನ್ನೂ ಅಭ್ಯಾಸ ಮಾಡಿದ್ದ.

"ಎರಡು" ಅಂದ.

ಆಮೇಲೆ ಎಲ್ಲ ಹೇಳಿದ. ಬೋರಲು ಕಾಗದ, ಇಪ್ಪತ್ತಾರು, ಗೆರೆ, ಹದಿನಾಲ್ಕು, ಭಾನುವಾರ. ಹೇಳಿ ಮುಗಿಸಿ ಅವಳ ಬಾಯನ್ನೇ ನೋಡುತ್ತಾ ಕೂತ. ಬೈಯಲಿ, ಹಣೆ ಚಚ್ಚಿಕೊಳ್ಳಲಿ, ನಿಮ್ಮ ಬಾಯಿಗೆ ಬೆಂಕಿ ಹಾಕ ಅನ್ನಲಿ, ಏನಾದರೂ ಅನ್ನಲಿ ಅಂತ ಕಾದ. ಅಭ್ಯಾಸಬಲ, ಮನಸ್ಸಿನಲ್ಲಿ ಎಣಿಕೆ ತಾನಾಗೇ ಶುರುವಾಯಿತು. ಏಳು ದಾಟಿತು, ಇಪ್ಪತ್ತು ದಾಟಿತು. ಅವಳು ಬೈಯಲಿಲ್ಲ.

ಎದ್ದು ಕಿಟಕಿಯ ಹತ್ತಿರ ಹೋದಳು. ಮಿಷನ್ನಿನ ಮೇಲಿನ ಹೂವಿನ ಬಟ್ಟೆ ತೆಗೆದು, ಕೊಡವಿ, ನಾಲ್ಕಾಗಿ ಮಡಚಿ ಪಕ್ಕಕ್ಕಿಟ್ಟಳು. ದೀಪ ಹಾಕಿ ಸ್ಟೂಲಿನ ಮೇಲೆ ಕೂತು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಸೂಜಿಯ ಕಣ್ಣು ಹುಡುಕಿದಳು. ಒಂದು ಸಲ ತಪ್ಪಿತು. ಇನ್ನೊಂದು ಸಲ ತಪ್ಪಿತು.

"ಲೇ, ಬೇಡ ಕಣೇ. ಡಾಕ್ಟರು ಏನು ಹೇಳಿದ್ದಾರೆ..."

"ಬನ್ನಿ ಇಲ್ಲಿ" ಅಂದಳು ಅವಳು, ದಾರದ ತುದಿಯನ್ನು ಅವನ ಕಡೆ ಚಾಚಿ. "ಇದೊಂದು ಪೋಣಿಸಿ ಕೊಟ್ಟು ಹೋಗಿ."

ಅವನು ಹೋಗಿ ಮಿಷನ್ನಿನ ಪಕ್ಕ ಮೊಣಕಾಲೂರಿ ಕೂತ. ಅವನ ಕಣ್ಣು ಚೆನ್ನಾಗಿತ್ತು. ಮೊದಲನೇ ಸಲಕ್ಕೇ ದಾರ ಸೂಜಿಯೊಳಗೆ ಹೋಯಿತು.